‘ಐ ಆ್ಯಮ್ ಡೂಯಿಂಗ್ ಗುಡ್’ ತಪ್ಪೇ?

ಪ್ಲೇಸ್‌ಮೆಂಟ್ ತರಬೇತಿ ಶುರುವಾದ ಮೇಲೆ ನಮ್ಮ ಕ್ಲಾಸಿನಲ್ಲಿ ಎರಡು ಪಂಗಡಗಳಾಗಿವೆ. ‘ಹೌ ಆರ್ ಯು ಡೂಯಿಂಗ್?’ ಎಂದು ಕೇಳಿದರೆ ‘ಐ ಆ್ಯಮ್ ಡೂಯಿಂಗ್ ಗುಡ್’ ಎನ್ನುವವರದು ಒಂದು. ‘ಗುಡ್ ಅಲ್ಲ, ವೆಲ್’ ಎಂದು ಅಲ್ಲೇ ತಿದ್ದಿ, ಪಕ್ಕದವರ ಮುಖ ನೋಡಿ ನಗುವವರದು ಇನ್ನೊಂದು. ಮೊದಲನೇ ಪಂಗಡದಲ್ಲಿ ಕನ್ನಡ ಮಾಧ್ಯಮದಿಂದ ಬಂದವರೇ ಹೆಚ್ಚು. ಎರಡು ಸಲ ಹೀಗೆ ತಿದ್ದಿಸಿಕೊಂಡವರು ಮೂರನೇ ಸಲ ಬಾಯಿ ಬಿಡುವುದಿಲ್ಲ. ಮೇಲ್ ಬರೆಯಬೇಕಾದಾಗ ಯಾರದೋ ಹಳೆಯ ಮೇಲ್ ಕಾಪಿ ಮಾಡಿ, ಹೆಸರು ಬದಲಿಸಿ ಕಳಿಸಿಬಿಡುತ್ತಾರೆ.

ನನ್ನ ತಕರಾರು ಎರಡೂ ಪಂಗಡದವರ ಜತೆಗಿದೆ. ‘ಡೂಯಿಂಗ್ ಗುಡ್’ ಎನ್ನುವುದು ಆಫೀಸಿನ ಮೇಲ್‌ಗೆ ಒಪ್ಪುವ ಮಾತಲ್ಲ, ನಿಜ. ಆದರೆ ತಿದ್ದುವವರು ಹಿಡಿದುಕೊಂಡಿರುವುದೂ ಅರ್ಧ ನಿಯಮವನ್ನೇ. ಆ ಅರ್ಧ ನಿಯಮದಿಂದಲೇ ‘ದ ಡಿಸೈನ್ ಲುಕ್ಸ್ ವೆಲ್’ ಎಂಬ ಹೊಸ ತಪ್ಪು ಹುಟ್ಟುತ್ತದೆ. ಇನ್ನು ಗುಡ್, ವೆಲ್ ಬಗ್ಗೆ ಇಷ್ಟು ಜಗಳವಾಡುವ ನಾವು ‘ರಿಯಲ್’ ಮತ್ತು ‘ರಿಯಲಿ’ ಬಗ್ಗೆ ಮಾತೇ ಎತ್ತುವುದಿಲ್ಲ. ಗುಡ್ ತಪ್ಪಾದರೆ ಒಬ್ಬರು ನಗಬಹುದು, ಅಷ್ಟೇ. ರಿಯಲ್ ತಪ್ಪಾದರೆ ಓದಿದವರು ಬೇರೆಯದೇ ಅರ್ಥ ಮಾಡಿಕೊಂಡು ಬೇರೆಯದೇ ಕೆಲಸ ಮಾಡಬಹುದು.

ಒಂದು ಮೇಲ್ ಇಟ್ಟುಕೊಂಡೇ ಮಾತಾಡೋಣ. ಉದಾಹರಣೆಗೆಂದು ನಾನೇ ಕಟ್ಟಿದ್ದು. ಆದರೆ ಇದರಲ್ಲಿರುವ ಒಂದೊಂದು ವಾಕ್ಯವೂ ನೀವು ಎಲ್ಲೋ ಓದಿರುವಂಥದ್ದೇ. ಇಂಟರ್ನ್‌ಶಿಪ್ ಮಾಡುತ್ತಿರುವ ಹುಡುಗನೊಬ್ಬ ಆಸ್ಪತ್ರೆಗಳಿಗಾಗಿ ತಯಾರಾಗುತ್ತಿರುವ ಆ್ಯಪ್ ಒಂದನ್ನು ಪರೀಕ್ಷಿಸುತ್ತಿದ್ದಾನೆ. ಸ್ಕ್ಯಾನ್ ವರದಿಗಳನ್ನು ಅಪ್‌ಲೋಡ್ ಮಾಡುವ ಆ್ಯಪ್ ಅದು. ಸಂಜೆ ತನ್ನ ಟೀಮ್ ಲೀಡ್‌ಗೆ ಐದು ವಾಕ್ಯಗಳ ಮೇಲ್ ಬರೆಯುತ್ತಾನೆ:

‘ಹಾಯ್ ಮ್ಯಾಮ್, ಹೋಪ್ ಯು ಆರ್ ಡೂಯಿಂಗ್ ಗುಡ್. ವಿ ಟೆಸ್ಟೆಡ್ ದ ಆ್ಯಪ್ ವಿತ್ ರಿಯಲ್ ಲಾರ್ಜ್ ಫೈಲ್ಸ್. ಅಪ್‌ಲೋಡ್ ಈಸ್ ವರ್ಕಿಂಗ್ ಗುಡ್. ದ ನ್ಯೂ ಸ್ಕ್ರೀನ್ ಲುಕ್ಸ್ ವೆಲ್. ವಿಲ್ ಸೆಂಡ್ ದ ರಿಪೋರ್ಟ್ ರಿಯಲ್ ಸೂನ್.’

ಐದು ವಾಕ್ಯ, ಐದು ಕಡೆ ನಿಂತು ನೋಡಬೇಕಾದ ಜಾಗ. ಆದರೆ ಐದೂ ಒಂದೇ ತೂಕದವಲ್ಲ. ಒಂದು ಬರೀ ಸಲುಗೆಯ ಮಾತು, ಒಂದು ಅತಿ ಎಚ್ಚರಿಕೆಯಿಂದ ಆದ ತಪ್ಪು, ಇನ್ನೊಂದು ಕೆಲಸವನ್ನೇ ಕೆಡಿಸಬಲ್ಲದ್ದು.

ಚಲೋ ಮತ್ತು ಖರೇ

ಮೊದಲು, ಈ ಗೊಂದಲ ನಮಗೆ ಬರುವುದು ಎಲ್ಲಿಂದ ಎಂದು ನೋಡೋಣ. ನಾನು ಗದಗದವಳು. ನಮ್ಮ ಕಡೆ ‘ಚಲೋ ಹುಡುಗ’ ಎನ್ನುತ್ತೇವೆ, ‘ಚಲೋ ಹಾಡ್ತಾನ’ ಎಂದೂ ಎನ್ನುತ್ತೇವೆ. ಮೊದಲನೆಯದರಲ್ಲಿ ಚಲೋ ಎಂಬುದು ಹುಡುಗನ ಗುಣ. ಎರಡನೆಯದರಲ್ಲಿ ಹಾಡುವ ರೀತಿ. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ಗುಡ್ ಬೇಕು, ಎರಡನೆಯದಕ್ಕೆ ವೆಲ್ ಬೇಕು. ನಮಗೆ ಒಂದೇ ಪದ ಸಾಕು. ಹಾಗೆಯೇ ‘ಖರೇ ಮಾತು’ ಎಂದರೂ ಖರೇ, ‘ಖರೇ ಹೇಳ್ತೀನಿ’ ಎಂದರೂ ಖರೇ. ಇಂಗ್ಲಿಷಿಗೆ ಅಲ್ಲಿ ರಿಯಲ್, ಇಲ್ಲಿ ರಿಯಲಿ. ಹೀಗಿರುವಾಗ ಊರಲ್ಲಿ ‘ಹೆಂಗದೀರಿ?’ ಎಂದವರಿಗೆ ‘ಚಲೋ ಅದೀವ್ರಿ’ ಎಂದು ಉತ್ತರಿಸಿ ಬೆಳೆದವರ ಬಾಯಲ್ಲಿ ಗುಡ್ ಬರುವುದು ದಡ್ಡತನವಲ್ಲ. ಒಂದೇ ಪದ ಎರಡೂ ಕೆಲಸ ಮಾಡುತ್ತದೆ ಎಂಬ ನಂಬಿಕೆ ಅದು.

ಪುಸ್ತಕದ ಕನ್ನಡದಲ್ಲಿ ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ‘ಒಳ್ಳೆಯ ಹುಡುಗ’ ಎಂದರೆ ‘ಚೆನ್ನಾಗಿ ಹಾಡುತ್ತಾನೆ’. ‘ನಿಜವಾದ ಸಮಸ್ಯೆ’ ಎಂದರೆ ‘ನಿಜವಾಗಿ ಹೇಳುತ್ತೇನೆ’. ಹೆಸರಿನ ಮುಂದೆ ‘ಆದ’ ಅಥವಾ ‘ಯ’ ಎಂಬ ರೂಪ, ಕ್ರಿಯೆಯ ಮುಂದೆ ‘ಆಗಿ’ ಎಂಬ ರೂಪ. ಹೈಸ್ಕೂಲಿನ ವ್ಯಾಕರಣದಲ್ಲಿ ನಾಮವಿಶೇಷಣ, ಕ್ರಿಯಾವಿಶೇಷಣ ಎಂದು ಕಲಿತಿದ್ದು ಇದನ್ನೇ. ಆದ್ದರಿಂದ ಇಂಗ್ಲಿಷ್ ವಾಕ್ಯದಲ್ಲಿ ಗೊಂದಲವಾದರೆ ಅದನ್ನು ಮನಸ್ಸಿನಲ್ಲೇ ಪುಸ್ತಕದ ಕನ್ನಡಕ್ಕೆ ತಂದು ನೋಡಬಹುದು. ‘ಆಗಿ’ ಬಂದರೆ ವೆಲ್ ಮತ್ತು ರಿಯಲಿ, ಬರದಿದ್ದರೆ ಗುಡ್ ಮತ್ತು ರಿಯಲ್.

ನಮ್ಮ ಮೇಲ್‌ನ ಮೂರನೇ ವಾಕ್ಯಕ್ಕೆ ಈ ಉಪಾಯ ಸಾಕು. ‘ಅಪ್‌ಲೋಡ್ ಈಸ್ ವರ್ಕಿಂಗ್ ಗುಡ್’ ಎಂದರೆ ಏನು ಹೇಳಬೇಕಿತ್ತು? ಅಪ್‌ಲೋಡ್ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು. ‘ಆಗಿ’ ಬಂತು, ಹಾಗಾಗಿ ‘ವರ್ಕಿಂಗ್ ವೆಲ್’. ಸಂದರ್ಶನ ಮುಗಿಸಿ ಬಂದವರು ಬರೆಯುವ ‘ದ ಇಂಟರ್‌ವ್ಯೂ ವೆಂಟ್ ಗುಡ್’ ಕೂಡ ಇದೇ ಜಾತಿಯದು. ಸಂದರ್ಶನ ಚೆನ್ನಾಗಿ ಆಯಿತು, ಆದ್ದರಿಂದ ‘ವೆಂಟ್ ವೆಲ್’. ಮೆಚ್ಚುಗೆ ಹೇಳುವಾಗ ಇಂಗ್ಲಿಷಿನವರು ಬಳಸುವ ಎರಡು ಮಾತನ್ನು ಜೋಡಿಯಾಗಿ ನೆನಪಿಟ್ಟುಕೊಂಡರೆ ಇದು ಎಂದೂ ಮರೆಯುವುದಿಲ್ಲ: ‘ಗುಡ್ ವರ್ಕ್’ ಮತ್ತು ‘ವೆಲ್ ಡನ್’. ವರ್ಕ್ ಇಲ್ಲಿ ಹೆಸರು, ಅದಕ್ಕೆ ಗುಡ್. ಡನ್ ಕ್ರಿಯೆ, ಅದಕ್ಕೆ ವೆಲ್. ಎರಡೂ ಸರಿ. ಇವನ್ನು ಯಾರೂ ಅದಲು ಬದಲು ಮಾಡುವುದಿಲ್ಲ.

ಹೋಪ್ ಯು ಆರ್ ಡೂಯಿಂಗ್...

ಈಗ ಮೊದಲನೇ ವಾಕ್ಯಕ್ಕೆ ಬರೋಣ. ‘ಐ ಆ್ಯಮ್ ಡೂಯಿಂಗ್ ಗುಡ್’ ಎನ್ನುವುದರ ಅಕ್ಷರಶಃ ಅರ್ಥ ‘ನಾನು ಒಳ್ಳೆಯದನ್ನು ಮಾಡುತ್ತಿದ್ದೇನೆ’ ಎಂದು. ಡೂಯಿಂಗ್ ಎಂಬುದರ ಮುಂದೆ ಗುಡ್ ಬಂದಾಗ ಅದು ಗುಣವೂ ಅಲ್ಲ, ರೀತಿಯೂ ಅಲ್ಲ. ಮಾಡುವ ವಸ್ತುವೇ ಆಗಿಬಿಡುತ್ತದೆ. ಊರಿನ ಕೆರೆ ಹೂಳೆತ್ತಿಸಿದವರು, ಬಡ ಮಕ್ಕಳ ಫೀಸು ಕಟ್ಟಿದವರು ‘ಡೂಯಿಂಗ್ ಗುಡ್’. ಕ್ಷೇಮವಾಗಿರುವವರು ‘ಡೂಯಿಂಗ್ ವೆಲ್’.

ಹಾಗೆಂದು ‘ಡೂಯಿಂಗ್ ಗುಡ್’ ಎಂದವರು ಯಾರೂ ಸಮಾಜಸೇವೆಯ ವರದಿ ಕೊಡುತ್ತಿಲ್ಲ ಎಂಬುದು ಕೇಳಿದವರಿಗೂ ಗೊತ್ತು. ಅಮೆರಿಕದಲ್ಲಿ ಹುಟ್ಟಿ ಬೆಳೆದವರೂ ಮಾತಿನಲ್ಲಿ ಇದನ್ನು ಧಾರಾಳವಾಗಿ ಬಳಸುತ್ತಾರೆ. ಅಲ್ಲಿನ ಮೆರಿಯಮ್-ವೆಬ್‌ಸ್ಟರ್ ನಿಘಂಟು ಗುಡ್ ಅನ್ನು ಕ್ರಿಯಾವಿಶೇಷಣವಾಗಿಯೂ ದಾಖಲಿಸಿದೆ. ಅದು ಹೆಚ್ಚಾಗಿ ಆಡುಮಾತಿನ ಬಳಕೆ ಎಂಬ ವಿವರಣೆಯೂ ಅಲ್ಲಿದೆ. ಅಂದರೆ ಇದು ಕನ್ನಡದವರು ಮಾಡಿದ ತಪ್ಪಲ್ಲ. ಇಂಗ್ಲಿಷ್ ಮಾತನಾಡುವವರ ಮನೆಯೊಳಗಿನ ಸಲುಗೆಯ ಮಾತು. ಕಾರಿಡಾರಿನಲ್ಲಿ ಎದುರಾದ ಸಹೋದ್ಯೋಗಿಗೆ ಹಾಗೆಂದರೆ ಏನೂ ಆಗುವುದಿಲ್ಲ.

ಆದರೆ ಮೇಲ್ ಬೇರೆ. ಅದನ್ನು ಓದುವವರಿಗೆ ನಿಮ್ಮ ಮುಖ ಕಾಣುವುದಿಲ್ಲ, ದನಿ ಕೇಳುವುದಿಲ್ಲ. ಮೊದಲ ಮೇಲ್ ಆಗಿದ್ದರೆ ನಿಮ್ಮ ಬಗ್ಗೆ ಅವರಿಗೆ ಗೊತ್ತಿರುವುದು ಆ ಐದು ವಾಕ್ಯ ಮಾತ್ರ. ಓದುವವರು ಶಾಲೆಯಲ್ಲಿ ಬೆತ್ತದ ಏಟು ತಿಂದು ವೆಲ್ ಕಲಿತವರೋ, ಅಮೆರಿಕದಲ್ಲಿ ಹತ್ತು ವರ್ಷ ಇದ್ದು ಬಂದವರೋ ನಿಮಗೆ ತಿಳಿಯದು. ‘ಡೂಯಿಂಗ್ ವೆಲ್’ ಎಂದರೆ ಎರಡನೆಯವರಿಗೂ ಅಡ್ಡಿಯಿಲ್ಲ. ‘ಡೂಯಿಂಗ್ ಗುಡ್’ ಎಂದರೆ ಮೊದಲನೆಯವರಿಗೆ ಕಲ್ಲು ಸಿಕ್ಕಂತಾಗುತ್ತದೆ. ಹೀಗಾಗಿ ಮೇಲ್‌ನಲ್ಲಿ ‘ಹೋಪ್ ಯು ಆರ್ ಡೂಯಿಂಗ್ ವೆಲ್’ ಅಥವಾ ಇನ್ನೂ ಚಿಕ್ಕದಾಗಿ ‘ಹೋಪ್ ಯು ಆರ್ ವೆಲ್’ ಎಂದು ಬರೆಯುವುದು ಜಾಣತನ. ಇಲ್ಲಿ ಶುದ್ಧತೆಗಿಂತ ಲೆಕ್ಕಾಚಾರ ಮುಖ್ಯ.

ಈ ಜಾಗದಲ್ಲೇ ತಿದ್ದುವ ಪಂಗಡದವರು ಎಡವುತ್ತಾರೆ. ಡೂಯಿಂಗ್ ಗುಡ್ ತಪ್ಪು ಎಂದು ಕಲಿತವರು ‘ಐ ಆ್ಯಮ್ ಗುಡ್’ ಕೂಡ ತಪ್ಪು ಎನ್ನತೊಡಗುತ್ತಾರೆ. ಅದು ತಪ್ಪಲ್ಲ. ‘ಐ ಆ್ಯಮ್ ಗುಡ್’ ಎಂಬಲ್ಲಿ ಮಾಡುವ ಕೆಲಸ ಯಾವುದೂ ಇಲ್ಲ. ‘ಆ್ಯಮ್’ ಎಂಬುದು ‘ನಾನು’ ಮತ್ತು ‘ಗುಡ್’ ಎರಡನ್ನೂ ಗಂಟು ಹಾಕುವ ದಾರ, ಅಷ್ಟೇ. ‘ಐ ಆ್ಯಮ್ ಹ್ಯಾಪಿ’ ಎಂಬಂತೆಯೇ ಇದೂ. ಹಾಗಾದರೆ ‘ಐ ಆ್ಯಮ್ ವೆಲ್’ ಹೇಗೆ ಸರಿ? ಅಲ್ಲಿ ವೆಲ್ ಎಂಬುದು ಕ್ರಿಯಾವಿಶೇಷಣವೇ ಅಲ್ಲ. ‘ಆರೋಗ್ಯವಾಗಿರುವ’ ಎಂಬ ಅರ್ಥದ ಬೇರೊಂದು ವಿಶೇಷಣ. ಜ್ವರದ ರಜೆ ಮುಗಿಸಿ ಬಂದವರನ್ನು ಮ್ಯಾನೇಜರ್ ವಿಚಾರಿಸಿದರೆ ‘ಐ ಆ್ಯಮ್ ವೆಲ್ ನೌ’ ಎಂಬುದೇ ಹೊಂದುವ ಉತ್ತರ. ಬರೀ ಕುಶಲ ಕೇಳಿದರೆ ‘ಐ ಆ್ಯಮ್ ಗುಡ್’, ‘ಐ ಆ್ಯಮ್ ವೆಲ್’, ‘ಐ ಆ್ಯಮ್ ಡೂಯಿಂಗ್ ವೆಲ್’ ಮೂರೂ ಸಲ್ಲುತ್ತವೆ. ಮೊದಲನೆಯದು ಸ್ವಲ್ಪ ಸಲುಗೆಯದು. ಮೇಲ್‌ಗೆ ಹಿತವಲ್ಲದ್ದು ನಾಲ್ಕನೆಯದು ಮಾತ್ರ.

ಚೆನ್ನಾಗಿದೆ ಎಂಬ ಬಲೆ

ನಾಲ್ಕನೇ ವಾಕ್ಯ ‘ದ ನ್ಯೂ ಸ್ಕ್ರೀನ್ ಲುಕ್ಸ್ ವೆಲ್’. ನನ್ನ ಪ್ರಕಾರ ಇದು ‘ಡೂಯಿಂಗ್ ಗುಡ್’ಗಿಂತ ದೊಡ್ಡ ತಪ್ಪು. ಆದರೆ ಇದನ್ನು ಕಂಡು ಯಾರೂ ನಗುವುದಿಲ್ಲ, ಏಕೆಂದರೆ ವೆಲ್ ಎಂದಾಕ್ಷಣ ಅದು ಕಲಿತವರ ಇಂಗ್ಲಿಷ್ ಎನಿಸಿಬಿಡುತ್ತದೆ. ‘ಲುಕ್ಸ್ ವೆಲ್’ ಎಂದರೆ ಆರೋಗ್ಯವಂತನಾಗಿ ಕಾಣುತ್ತಾನೆ ಎಂದು. ಆಸ್ಪತ್ರೆಯಿಂದ ಮನೆಗೆ ಬಂದ ಅಜ್ಜನಿಗೆ ಅದು ಒಪ್ಪುತ್ತದೆ. ಆ್ಯಪ್‌ನ ಸ್ಕ್ರೀನಿಗೆ ಜ್ವರ ಬಂದಿರಲಿಲ್ಲವಲ್ಲ! ಅದಕ್ಕೆ ‘ಲುಕ್ಸ್ ಗುಡ್’ ಎನ್ನಬೇಕು.

ಇಲ್ಲಿ ನಾನು ಮೇಲೆ ಹೇಳಿದ ಕನ್ನಡದ ಉಪಾಯವೇ ಕೈಕೊಡುತ್ತದೆ, ಗಮನಿಸಿ. ಕನ್ನಡದಲ್ಲಿ ಸ್ಕ್ರೀನ್ ‘ಚೆನ್ನಾಗಿ’ ಕಾಣುತ್ತದೆ. ಊಟ ‘ಚೆನ್ನಾಗಿ’ದೆ. ಐಡಿಯಾ ‘ಚೆನ್ನಾಗಿ’ದೆ. ಎಲ್ಲ ಕಡೆ ‘ಆಗಿ’ ಬಂದೇ ಬರುತ್ತದೆ. ಆದರೂ ಇಂಗ್ಲಿಷಿನಲ್ಲಿ ಈ ಮೂರಕ್ಕೂ ಗುಡ್ ಬೇಕು. ‘ಇರು’ ಎಂಬ ಕ್ರಿಯಾಪದದ ಜತೆಗೂ ಕನ್ನಡ ‘ಚೆನ್ನಾಗಿ’ ಎಂಬ ರೂಪವನ್ನೇ ಕೇಳುತ್ತದೆ; ಇಂಗ್ಲಿಷ್ ಅಲ್ಲಿ ಗುಣವನ್ನು ಹೇಳುವ ಪದವನ್ನು ಕೇಳುತ್ತದೆ. ಹೀಗಾಗಿ ಚಲೋ ಎನ್ನುವವರು ‘ವರ್ಕಿಂಗ್ ಗುಡ್’ ಕಡೆ ವಾಲಿದರೆ, ಚೆನ್ನಾಗಿ ಎನ್ನುವವರು ‘ಲುಕ್ಸ್ ವೆಲ್’ ಕಡೆ ವಾಲುತ್ತಾರೆ. ಊರು ಬೇರೆ, ತಪ್ಪು ಬೇರೆ, ಕಾರಣ ಒಂದೇ.

ಆದ್ದರಿಂದ ಎರಡನೇ ಪರೀಕ್ಷೆಯೊಂದು ಬೇಕು, ಅದನ್ನು ಇಂಗ್ಲಿಷಿನಲ್ಲೇ ಮಾಡಬೇಕು. ಕ್ರಿಯಾಪದವನ್ನು ತೆಗೆದು ಆ ಜಾಗಕ್ಕೆ ‘ಈಸ್’ ಹಾಕಿ ನೋಡಿ. ಹೇಳಬೇಕಾದ ಮಾತು ಹೆಚ್ಚುಕಡಿಮೆ ಹಾಗೇ ಉಳಿದರೆ ಗುಡ್, ಮಾತೇ ಬೇರೆಯಾದರೆ ವೆಲ್. ‘ದ ಸ್ಕ್ರೀನ್ ಲುಕ್ಸ್ ಗುಡ್’ ಎಂಬುದನ್ನು ‘ದ ಸ್ಕ್ರೀನ್ ಈಸ್ ಗುಡ್’ ಮಾಡಿದರೆ ಆಶಯ ಉಳಿಯಿತು. ಹಾಗಾಗಿ ಗುಡ್. ಮೀಟಿಂಗಿನ ಸಮಯ ತಿಳಿಸಿದವರಿಗೆ ‘ಸೌಂಡ್ಸ್ ಗುಡ್’ ಎಂದು ಉತ್ತರಿಸುವುದೂ ಹೀಗೆಯೇ ಸರಿ. ಆದರೆ ‘ದ ಮೋಟಾರ್ ರನ್ಸ್...’ ಎಂಬುದನ್ನು ತೆಗೆದುಕೊಳ್ಳಿ. ‘ದ ಮೋಟಾರ್ ಈಸ್ ಗುಡ್’ ಎಂದರೆ ಮೋಟಾರ್ ಒಳ್ಳೆಯದು ಎಂದಾಯಿತು; ಅದು ಓಡುವ ರೀತಿ ಮಾಯವಾಯಿತು. ಹಾಗಾಗಿ ‘ರನ್ಸ್ ವೆಲ್’. ಲುಕ್, ಸೌಂಡ್, ಫೀಲ್, ಸೀಮ್, ಟೇಸ್ಟ್, ಸ್ಮೆಲ್ ಎಂಬ ಆರು ಪದಗಳನ್ನು ನೆನಪಿಟ್ಟರೆ ಆಫೀಸಿನ ಮೇಲ್‌ಗೆ ಸಾಕು. ಇವು ಸಾಮಾನ್ಯವಾಗಿ ಕೆಲಸ ಹೇಳುವ ಪದಗಳಲ್ಲ, ಸ್ಥಿತಿ ಹೇಳುವ ಪದಗಳು.

ಕಂಪ್ಯೂಟರ್ ಸೈನ್ಸಿನವರು ಇದನ್ನು ದಿನವೂ ಟೈಪ್ ಮಾಡುತ್ತಿರುತ್ತೇವೆ. ಪ್ರೋಗ್ರಾಮಿನ ಯಾವ ಬದಲಾವಣೆಯಿಂದ ದೋಷ ಶುರುವಾಯಿತು ಎಂದು ಹುಡುಕುವಾಗ ಗಿಟ್‌ಗೆ ಕೊಡುವ ಆದೇಶಗಳು ಇವು:

```
git bisect good
git bisect bad
```

ಮೊದಲನೆಯದು ‘ಈ ಆವೃತ್ತಿ ಸರಿಯಿದೆ’ ಎಂದು ಗುರುತು ಹಾಕುತ್ತದೆ, ಎರಡನೆಯದು ‘ಇದರಲ್ಲಿ ದೋಷವಿದೆ’ ಎಂದು. ಆವೃತ್ತಿ ಹೇಗೆ ಓಡಿತು ಎಂದು ಅಲ್ಲಿ ಯಾರೂ ಕೇಳಿಲ್ಲ, ಅದು ಎಂಥದ್ದು ಎಂದು ಕೇಳಿದೆ. ಆದ್ದರಿಂದಲೇ ಗುಡ್. ಅದೇ ಆವೃತ್ತಿಯ ಬಗ್ಗೆ ಮೇಲ್ ಬರೆಯುವಾಗ ‘ದಿಸ್ ವರ್ಷನ್ ಈಸ್ ಗುಡ್’ ಎನ್ನಬಹುದು, ‘ದಿಸ್ ವರ್ಷನ್ ರನ್ಸ್ ವೆಲ್’ ಎನ್ನಬಹುದು. ಎರಡೂ ಸರಿ, ಆದರೆ ಎರಡೂ ಒಂದೇ ಮಾತಲ್ಲ.

ರಿಯಲ್ ಲಾರ್ಜ್ ಫೈಲ್ಸ್

ಇಷ್ಟು ಹೊತ್ತು ನೋಡಿದ ವಾಕ್ಯಗಳಲ್ಲಿ ಏನೇ ತಪ್ಪಿದ್ದರೂ ಓದಿದವರಿಗೆ ವಿಷಯ ಮುಟ್ಟುತ್ತದೆ. ಎರಡನೇ ವಾಕ್ಯ ಹಾಗಲ್ಲ. ‘ವಿ ಟೆಸ್ಟೆಡ್ ದ ಆ್ಯಪ್ ವಿತ್ ರಿಯಲ್ ಲಾರ್ಜ್ ಫೈಲ್ಸ್’ ಎಂಬಲ್ಲಿ ನಿಲ್ಲೋಣ.

ಹುಡುಗ ಹೇಳಬೇಕೆಂದುಕೊಂಡದ್ದು ‘ತುಂಬಾ ದೊಡ್ಡ ಫೈಲುಗಳನ್ನು ಹಾಕಿ ನೋಡಿದೆವು’ ಎಂದು. ತಲಾ 200 ಎಂಬಿಯ ಹತ್ತು ಫೈಲುಗಳನ್ನು ಅವನೇ ತಯಾರಿಸಿದ್ದ. ಒಳಗೆ ಇದ್ದದ್ದು ಅರ್ಥವಿಲ್ಲದ ಅಂಕಿಗಳು. ಮಾತಿನ ಇಂಗ್ಲಿಷಿನಲ್ಲಿ ‘ರಿಯಲ್ ಕ್ವಿಕ್’, ‘ರಿಯಲ್ ಗುಡ್’ ಎಂದು ಕೇಳಿದ್ದ ಅಭ್ಯಾಸದಲ್ಲಿ ‘ರಿಯಲ್ ಲಾರ್ಜ್’ ಎಂದ. ಅಮೆರಿಕದ ಆಡುಮಾತಿನಲ್ಲಿ ರಿಯಲ್ ಎಂಬುದಕ್ಕೆ ‘ತುಂಬಾ’ ಎಂಬ ಅರ್ಥ ಇದ್ದೇ ಇದೆ.

ಆದರೆ ಟೀಮ್ ಲೀಡ್ ಕೆಲಸ ಮಾಡುವ ಜಗತ್ತಿನಲ್ಲಿ ರಿಯಲ್ ಎಂಬುದಕ್ಕೆ ಬೇರೆಯೇ ಗಟ್ಟಿ ಅರ್ಥವಿದೆ. ಸಾಫ್ಟ್‌ವೇರ್ ಪರೀಕ್ಷೆಯಲ್ಲಿ ಫೈಲುಗಳು ಎರಡು ಬಗೆ: ಡಮ್ಮಿ ಮತ್ತು ರಿಯಲ್. ಡಮ್ಮಿ ಎಂದರೆ ಪರೀಕ್ಷೆಗೆಂದೇ ಹುಟ್ಟಿಸಿದ್ದು. ರಿಯಲ್ ಎಂದರೆ ಜನರ ಅಸಲಿ ಮಾಹಿತಿ. ಆದ್ದರಿಂದ ಆಕೆ ಆ ವಾಕ್ಯವನ್ನು ‘ದೊಡ್ಡದಾದ, ಅಸಲಿ ಫೈಲುಗಳು’ ಎಂದು ಓದುತ್ತಾರೆ. ಆ್ಯಪ್ ಆಸ್ಪತ್ರೆಯದು. ಹಾಗಾದರೆ ರೋಗಿಗಳ ಸ್ಕ್ಯಾನ್ ವರದಿಗಳು ಒಬ್ಬ ಇಂಟರ್ನ್‌ನ ಕಂಪ್ಯೂಟರಿಗೆ ಬಂದವೇ? ಯಾರು ಕೊಟ್ಟರು? ಅನುಮತಿ ಇತ್ತೇ? ರಾತ್ರಿ ಎಂಟಕ್ಕೆ ಹುಡುಗನಿಗೆ ಫೋನ್ ಬರುತ್ತದೆ. ಇದು ಒಂದು ದಾರಿ.

ಇನ್ನೊಂದು ದಾರಿ ಇದಕ್ಕಿಂತ ಕೆಟ್ಟದ್ದು, ಏಕೆಂದರೆ ಅದರಲ್ಲಿ ಫೋನೇ ಬರುವುದಿಲ್ಲ. ಅನುಮತಿ ಮೊದಲೇ ಸಿಕ್ಕಿರಬೇಕು ಎಂದುಕೊಂಡ ಟೀಮ್ ಲೀಡ್, ‘ಅಸಲಿ ಫೈಲುಗಳಲ್ಲೂ ಪರೀಕ್ಷೆ ಮುಗಿದಿದೆ’ ಎಂದು ಗುರುತು ಹಾಕಿ ಮುಂದೆ ಹೋಗುತ್ತಾರೆ. ಅಸಲಿ ಸ್ಕ್ಯಾನ್ ಫೈಲಿನ ಒಳರಚನೆ ಬೇರೆ, ಅಂಕಿ ತುಂಬಿದ ಡಮ್ಮಿ ಫೈಲಿನದು ಬೇರೆ. ಗಾತ್ರ ಒಂದೇ ಇದ್ದರೂ ಆ್ಯಪ್ ಅವನ್ನು ತೆರೆದು ತೋರಿಸುವಾಗ ಎಡವಬಹುದು. ಅದು ಗೊತ್ತಾಗುವುದು ಆಸ್ಪತ್ರೆಯಲ್ಲಿ, ಡಾಕ್ಟರ ಎದುರಿಗೆ. ಆಗ ಹಳೆಯ ಮೇಲ್ ತೆಗೆದು ನೋಡಿದರೆ, ಅಲ್ಲಿ ರಿಯಲ್ ಎಂದೇ ಇದೆ!

ಗಮನಿಸಬೇಕಾದ್ದು ಇದು: ‘ರಿಯಲ್ ಲಾರ್ಜ್ ಫೈಲ್ಸ್’ ಎಂಬುದರಲ್ಲಿ ವ್ಯಾಕರಣದ ತಪ್ಪೇ ಇಲ್ಲ. ಅಸಲಿ ಫೈಲುಗಳು ಎಂಬ ಅರ್ಥದಲ್ಲಿ ಅದು ಸರಿಯಾದ ಇಂಗ್ಲಿಷ್. ಆದ್ದರಿಂದ ಅದರ ಕೆಳಗೆ ಕೆಂಪು ಗೆರೆ ಬರುವುದಿಲ್ಲ, ಪಕ್ಕದ ಗೆಳೆಯನೂ ನಗುವುದಿಲ್ಲ. ‘ರಿಯಲಿ ಲಾರ್ಜ್’ ಎಂದು ಬರೆದಿದ್ದರೆ ಗಾತ್ರದ ಮಾತು ಮಾತ್ರ ಉಳಿಯುತ್ತಿತ್ತು. ರಿಯಲಿ ಎಂಬುದು ಲಾರ್ಜ್ ಎಂಬ ಪದಕ್ಕೆ ಮಾತ್ರ ಅಂಟಿಕೊಳ್ಳುತ್ತದೆ, ರಿಯಲ್ ನೇರವಾಗಿ ಫೈಲ್ಸ್‌ಗೆ ಹೋಗಿ ಅಂಟುತ್ತದೆ. ಎಂಜಿನಿಯರಿಂಗಿನವರು ಇಲ್ಲಿ ಹೆಚ್ಚು ಎಚ್ಚರವಾಗಿರಬೇಕು, ಏಕೆಂದರೆ ನಮ್ಮ ಪಠ್ಯದ ತುಂಬ ರಿಯಲ್ ಇದೆ. ಗಣಿತದಲ್ಲಿ ರಿಯಲ್ ನಂಬರ್, ಎಲೆಕ್ಟ್ರಿಕಲ್‌ನವರಿಗೆ ವ್ಯಾಟ್‌ನಲ್ಲಿ ಅಳೆಯುವ ರಿಯಲ್ ಪವರ್, ಎಂಬೆಡೆಡ್‌ನವರಿಗೆ ರಿಯಲ್ ಟೈಮ್. ಇವುಗಳಲ್ಲಿ ಒಂದಕ್ಕೂ ‘ತುಂಬಾ’ ಎಂಬ ಅರ್ಥವಿಲ್ಲ.

ಇನ್ನೂ ಒಳ್ಳೆಯ ದಾರಿಯೆಂದರೆ ರಿಯಲಿಯನ್ನೂ ಬಿಟ್ಟು ಅಂಕಿ ಬರೆಯುವುದು. ತುಂಬಾ ದೊಡ್ಡದು ಎಂದರೆ ಎಷ್ಟು? ಒಬ್ಬರಿಗೆ 20 ಎಂಬಿ ದೊಡ್ಡದು, ಇನ್ನೊಬ್ಬರಿಗೆ 2 ಜಿಬಿ. ‘ಟೆನ್ ಡಮ್ಮಿ ಫೈಲ್ಸ್ ಆಫ್ 200 ಎಂಬಿ ಈಚ್’ ಎಂದರೆ ಅಸಲಿಯೋ ನಕಲಿಯೋ ಎಂಬುದೂ ತಿಳಿಯಿತು, ಗಾತ್ರವೂ ತಿಳಿಯಿತು. ಐದನೇ ವಾಕ್ಯದ ‘ರಿಯಲ್ ಸೂನ್’ಗೂ ಇದೇ ಔಷಧಿ. ಅದನ್ನು ‘ರಿಯಲಿ ಸೂನ್’ ಎಂದು ತಿದ್ದಿದರೆ ವ್ಯಾಕರಣ ಸರಿಹೋಗುತ್ತದೆ, ಟೀಮ್ ಲೀಡ್‌ಗೆ ಏನೂ ಸಿಗುವುದಿಲ್ಲ. ‘ಬೈ 4 ಪಿಎಂ ಟುಮಾರೊ’ ಎಂದರೆ ಸಿಗುತ್ತದೆ.

ರಿಯಲಿ ಎಲ್ಲಿ ಕೂರುತ್ತದೆ?

ರಿಯಲಿ ಬೇಕೇ ಬೇಕಾದ ಕಡೆ ಅದನ್ನು ಎಲ್ಲಿ ಕೂರಿಸುತ್ತೇವೆ ಎಂಬುದನ್ನೂ ನೋಡಬೇಕು. ‘ಐ ರಿಯಲಿ ಡೋಂಟ್ ಅಗ್ರೀ’ ಮತ್ತು ‘ಐ ಡೋಂಟ್ ರಿಯಲಿ ಅಗ್ರೀ’ ಎರಡರಲ್ಲೂ ಪದಗಳು ಅವೇ. ಮೊದಲನೆಯದು ‘ನಾನು ಸುತರಾಂ ಒಪ್ಪುವುದಿಲ್ಲ’ ಎಂದು. ಎರಡನೆಯದು ‘ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ’ ಎಂದು. ಡೋಂಟ್‌ಗಿಂತ ಮೊದಲು ಬಂದ ರಿಯಲಿ ನಿರಾಕರಣೆಯನ್ನು ಬಿಗಿ ಮಾಡುತ್ತದೆ, ನಂತರ ಬಂದದ್ದು ಸಡಿಲಿಸುತ್ತದೆ. ಇನ್ನೂ ವಾರ ತುಂಬದ ಇಂಟರ್ನ್ ತನ್ನ ಮೇಲಿನವರಿಗೆ ಮೊದಲನೆಯದನ್ನು ಬರೆದರೆ ಜಗಳಕ್ಕೆ ನಿಂತಂತೆ ಕಾಣುತ್ತದೆ. ಅವನ ಮನಸ್ಸಿನಲ್ಲಿ ಇದ್ದದ್ದು ಬಹುಶಃ ಎರಡನೆಯದೇ. ‘ಐ ಆ್ಯಮ್ ರಿಯಲಿ ನಾಟ್ ಶೂರ್’ ಮತ್ತು ‘ಐ ಆ್ಯಮ್ ನಾಟ್ ರಿಯಲಿ ಶೂರ್’ ನಡುವಿನ ಅಂತರವೂ ಇಷ್ಟೇ. ಬಾಯಿಮಾತಿನಲ್ಲಿ ದನಿಯೇ ಇದನ್ನು ಸರಿಮಾಡುತ್ತದೆ. ಮೇಲ್‌ನಲ್ಲಿ ಪದ ಕೂತ ಜಾಗವೇ ದನಿ.

ಈಗ ಆ ಮೇಲ್ ಅನ್ನು ಮತ್ತೆ ಬರೆಯೋಣ:

‘ಹಾಯ್ ಮ್ಯಾಮ್, ಹೋಪ್ ಯು ಆರ್ ವೆಲ್. ವಿ ಟೆಸ್ಟೆಡ್ ದ ಆ್ಯಪ್ ವಿತ್ ಟೆನ್ ಡಮ್ಮಿ ಫೈಲ್ಸ್ ಆಫ್ 200 ಎಂಬಿ ಈಚ್. ಅಪ್‌ಲೋಡ್ ಈಸ್ ವರ್ಕಿಂಗ್ ವೆಲ್. ದ ನ್ಯೂ ಸ್ಕ್ರೀನ್ ಲುಕ್ಸ್ ಗುಡ್. ವಿಲ್ ಸೆಂಡ್ ದ ರಿಪೋರ್ಟ್ ಬೈ 4 ಪಿಎಂ ಟುಮಾರೊ.’

ಐದೇ ವಾಕ್ಯ. ಅಲಂಕಾರ ಹೆಚ್ಚಾಗಿಲ್ಲ, ದೊಡ್ಡ ಪದ ಒಂದೂ ಸೇರಿಲ್ಲ. ವೆಲ್ ಎರಡು ಸಲ ಬಂದಿದೆ: ಮೊದಲನೆಯದು ಆರೋಗ್ಯದ ವೆಲ್, ಎರಡನೆಯದು ಕೆಲಸದ ರೀತಿಯ ವೆಲ್. ಗುಡ್ ಒಂದು ಕಡೆ ಇದೆ, ಇರಬೇಕಾದ ಕಡೆಯೇ ಇದೆ. ರಿಯಲ್ ಮತ್ತು ರಿಯಲಿ ಎರಡೂ ಇಲ್ಲ, ಏಕೆಂದರೆ ಅವುಗಳ ಕೆಲಸವನ್ನು ಅಂಕಿಗಳು ಮಾಡಿವೆ. ಅದೇ ಟೀಮ್ ಲೀಡ್‌ಗೆ ದಿನಕ್ಕೆ ನಾಲ್ಕು ಮೇಲ್ ಕಳಿಸುವಂತಿದ್ದರೆ ಮೊದಲ ಕುಶಲದ ವಾಕ್ಯವನ್ನೂ ತೆಗೆದುಬಿಡಬಹುದು. ಬೆಳಿಗ್ಗೆ ಕೇಳಿದ ಕ್ಷೇಮ ಸಮಾಚಾರವನ್ನು ಸಂಜೆ ಮತ್ತೆ ಯಾರೂ ಕೇಳುವುದಿಲ್ಲ.

ಎಲ್ಲ ಕಡೆಯೂ ಈ ಲೆಕ್ಕ ಬೇಕಾಗುತ್ತದೆ ಎಂದೇನಿಲ್ಲ. ಹೋಲಿಕೆ ಮಾಡುವಾಗ ಇಂಗ್ಲಿಷೇ ಈ ಜಗಳವನ್ನು ಮುಗಿಸಿಬಿಟ್ಟಿದೆ. ಗುಡ್‌ಗೂ ವೆಲ್‌ಗೂ ಮುಂದಿನ ರೂಪ ‘ಬೆಟರ್’, ಅದರಾಚೆ ‘ಬೆಸ್ಟ್’. ‘ದ ಆ್ಯಪ್ ಈಸ್ ವರ್ಕಿಂಗ್ ಬೆಟರ್ ನೌ’ ಎಂದರೂ ಸರಿ, ‘ದ ಸ್ಕ್ರೀನ್ ಲುಕ್ಸ್ ಬೆಟರ್ ನೌ’ ಎಂದರೂ ಸರಿ. ಹಿಂದಿನ ವಾರಕ್ಕೂ ಈ ವಾರಕ್ಕೂ ಹೋಲಿಸಿ ಹೇಳುವ ಮೇಲ್‌ನಲ್ಲಿ ಯೋಚಿಸುವ ಅಗತ್ಯವೇ ಇಲ್ಲ.

ಹಾಗಾಗಿ ತರಬೇತಿ ಕೊಡುವವರಲ್ಲಿ ನನ್ನದೊಂದು ಮನವಿ. ‘ಗುಡ್ ನಾಮಪದಕ್ಕೆ, ವೆಲ್ ಕ್ರಿಯಾಪದಕ್ಕೆ’ ಎಂದು ಒಂದು ಸ್ಲೈಡಿನಲ್ಲಿ ಮುಗಿಸಬೇಡಿ. ಲುಕ್, ಸೌಂಡ್, ಫೀಲ್ ಎಂಬುವು ಆ ಸಾಲಿಗೆ ಸೇರುವುದಿಲ್ಲ ಎಂಬುದನ್ನೂ ಹೇಳಿ, ಈಸ್ ಹಾಕಿ ನೋಡುವುದನ್ನೂ ಹೇಳಿಕೊಡಿ. ಅರ್ಧ ನಿಯಮ ಕಲಿತವರು ಸರಿಯಾಗಿದ್ದ ‘ಲುಕ್ಸ್ ಗುಡ್’ ಅನ್ನೂ ಕೆಡಿಸುತ್ತಾರೆ. ಗುಡ್, ವೆಲ್‌ಗೆ ಒಂದು ತಾಸು ಕೊಡುವುದಾದರೆ ಅದರಲ್ಲಿ ಅರ್ಧ ತಾಸನ್ನು ರಿಯಲ್, ರಿಯಲಿಗೆ ಇಡಿ.

ಪಕ್ಕದ ಬೆಂಚಿನವರನ್ನು ತಿದ್ದುವ ಗೆಳೆಯರಿಗೂ ಒಂದು ಮಾತು. ‘ಡೂಯಿಂಗ್ ಗುಡ್’ ಎಂದವನನ್ನು ತಿದ್ದಿದ್ದರಿಂದ ಯಾವ ಕಂಪನಿಯ ಕೆಲಸವೂ ಸುಧಾರಿಸಲಿಲ್ಲ. ಅವನು ಮಾತು ನಿಲ್ಲಿಸಿದ, ಅಷ್ಟೇ. ತಿದ್ದಲೇಬೇಕು ಎನಿಸಿದರೆ ಅವನ ಮೇಲ್ ಕಳಿಸುವ ಮುನ್ನ ಪಕ್ಕದಲ್ಲಿ ಕೂತು, ‘ಈ ರಿಯಲ್ ಯಾವುದಕ್ಕೆ ಅಂಟಿಕೊಂಡಿದೆ, ಫೈಲಿಗೋ, ಗಾತ್ರಕ್ಕೋ?’ ಎಂದು ಕೇಳಿ. ಅವನಿಗೆ ಉತ್ತರ ಗೊತ್ತಿರುತ್ತದೆ. ಅದನ್ನೇ ಬರೆ ಎನ್ನಿ.